‘ಆತು’ ಅಂದರೆ ಒಪ್ಪಿದ್ದೋ, ಮುಗಿದದ್ದೋ?

ಐಟಿ ಕಂಪನಿಗಳಲ್ಲಿ ಕೆಲಸ ಬಿಟ್ಟು ಹೊರಡುವವರ ಕೊನೆಯ ವಾರದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಎಲ್ಲ ಚಾಟ್‌ನಲ್ಲೇ ಇದೆ, ಸರ್ಚ್ ಮಾಡಿದರೆ ಸಿಗುತ್ತದೆ.’ ಮ್ಯಾನೇಜರ್ ಕೂಡ ತಲೆಯಾಡಿಸುತ್ತಾರೆ. ಹ್ಯಾಂಡೋವರ್ ಪಟ್ಟಿಯಲ್ಲಿ ಆ ಚಾಟ್‌ನ ಲಿಂಕ್ ಅಂಟಿಸಿ, ಪಕ್ಕದಲ್ಲಿ ಟಿಕ್ ಹಾಕಿದರೆ ಮುಗಿಯಿತು. ನನ್ನ ಪ್ರಕಾರ ಇದು ಹ್ಯಾಂಡೋವರ್ ಅಲ್ಲ. ಮನೆ ಖಾಲಿ ಮಾಡುವಾಗ ಸಾಮಾನೆಲ್ಲ ಅಟ್ಟಕ್ಕೆ ತುಂಬಿ, ಹೊಸ ಬಾಡಿಗೆದಾರರ ಕೈಗೆ ಏಣಿ ಕೊಟ್ಟು ಹೋದ ಹಾಗೆ. ಚಾಟ್‌ನಲ್ಲಿ ಇರುವುದು ಇಬ್ಬರು ಯೋಚಿಸಿದ ದಾರಿ. ಮುಂದಿನವರಿಗೆ ಬೇಕಿರುವುದು ಆ ಇಬ್ಬರು ಎಲ್ಲಿ ಬಂದು ನಿಂತರು ಎಂಬುದು. ಒಂದನ್ನು ಓದಿ ಇನ್ನೊಂದನ್ನು ತೆಗೆಯುವುದು ಒಂದು ಕೆಲಸ. ಅದಕ್ಕೆ ಯಾರೋ ಒಬ್ಬರು ಒಂದೆರಡು ದಿನ ಕೂರಲೇಬೇಕು.

ಪುಣೆಯ ನಮ್ಮ ತಂಡದಲ್ಲಿ ಈ ಜುಲೈ ಕೊನೆಯಲ್ಲಿ ಹಾಗೆ ಕೂತವನು ನಾನು. ಚಾಟ್ ನಡೆದದ್ದು ಹುಬ್ಬಳ್ಳಿಯ ಹಿರಿಯ ಎಂಜಿನಿಯರ್ ಒಬ್ಬರು ಮತ್ತು ಮೈಸೂರಿನ ಸಹೋದ್ಯೋಗಿಯೊಬ್ಬರ ನಡುವೆ. ಜೂನ್ 3ರಿಂದ ಜುಲೈ 24ರವರೆಗೆ, ಸಾವಿರಕ್ಕೂ ಹೆಚ್ಚು ಮೆಸೇಜ್‌ಗಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಕನ್ನಡವೂ ಇಂಗ್ಲಿಷ್ ಅಕ್ಷರದಲ್ಲಿ. ಅವರಿಗೆ ಜುಲೈ 31 ಕಂಪನಿಯಲ್ಲಿ ಕೊನೆಯ ದಿನ, ಆಕೆ ಅದೇ ವಾರ ಬೇರೆ ತಂಡಕ್ಕೆ. ಕೆಲಸ ಮುಂದುವರಿಸಬೇಕಾದವರು ಭುವನೇಶ್ವರದಿಂದ ಬಂದು ಸೇರಿದ ಹುಡುಗಿ. ಕನ್ನಡದ ಒಂದಕ್ಷರ ಗೊತ್ತಿಲ್ಲ. ಹೀಗಾಗಿ ಎರಡೂ ಬಲ್ಲ ಮೂರನೆಯವನ ತಲೆಗೆ ಕೆಲಸ ಬಂತು.

ಚಾಟ್‌ನ ವಿಷಯವೇನು ಎಂಬುದನ್ನು ಸ್ವಲ್ಪ ಹೇಳಬೇಕು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರಲ್ಲಿ ಆರ್ಡರ್‌ಗಳ ಟೇಬಲ್ `orders`. ಪ್ರತಿ ಆರ್ಡರ್‌ಗೂ ಒಂದು ಕ್ರಮಸಂಖ್ಯೆ, ಅಂದರೆ ಐಡಿ. ವರ್ಷಗಳ ಹಿಂದೆ ಈ ಟೇಬಲ್ ಕಟ್ಟಿದವರು ಐಡಿಗೆ `integer` ಎಂಬ ಜಾತಿಯ ಕಾಲಂ ಇಟ್ಟಿದ್ದರು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಸುಮಾರು 214 ಕೋಟಿ 74 ಲಕ್ಷ. ಅದು ತುಂಬಿದ ಕ್ಷಣದಿಂದ ಹೊಸ ಆರ್ಡರ್ ಒಂದೂ ದಾಖಲಾಗುವುದಿಲ್ಲ. ಪರಿಹಾರ ಎಂದರೆ ಕಾಲಂ ಅನ್ನು `bigint` ಮಾಡುವುದು. ಒಂದೇ ಸಾಲಿನ ಆಜ್ಞೆಯಲ್ಲಿ ಅದು ಆಗುತ್ತದೆ. ಆದರೆ ಆ ಆಜ್ಞೆ ಇಡೀ ಟೇಬಲ್ ಅನ್ನು ಮತ್ತೆ ಬರೆಯುತ್ತದೆ. ಬರೆದು ಮುಗಿಯುವವರೆಗೆ ಯಾರೂ ಅದನ್ನು ಓದುವಂತೆಯೂ ಇಲ್ಲ, ಅದಕ್ಕೆ ಬರೆಯುವಂತೆಯೂ ಇಲ್ಲ. 140 ಕೋಟಿ ಸಾಲುಗಳ ಟೇಬಲ್ಲಿಗೆ ಅದು ಗಂಟೆಗಟ್ಟಲೆ ಅಂಗಡಿ ಮುಚ್ಚಿದ ಹಾಗೆ. ಆದ್ದರಿಂದ ನಿಧಾನದ ದಾರಿ: ಪಕ್ಕದಲ್ಲಿ ಹೊಸ ದೊಡ್ಡ ಕಾಲಂ ಸೇರಿಸು, ಹೊಸ ಸಾಲುಗಳ ಐಡಿ ತಾನಾಗಿ ಅಲ್ಲಿಗೂ ಹೋಗುವಂತೆ ಟ್ರಿಗರ್ ಹಾಕು, ಹಳೆಯ ಸಾಲುಗಳನ್ನು ಸ್ವಲ್ಪ ಸ್ವಲ್ಪವೇ ತುಂಬು, ಕೊನೆಗೆ ಒಂದು ರಾತ್ರಿ ಎರಡೂ ಕಾಲಂಗಳ ಹೆಸರು ಅದಲು ಬದಲು ಮಾಡು.

ಇಷ್ಟನ್ನು ಇಬ್ಬರು ಏಳು ವಾರ ಚರ್ಚಿಸಿದ್ದರು. ಬರೆದು ಮುಗಿಸಿದಾಗ ನೋಟ್ ಒಂದೂವರೆ ಪುಟ ಆಯಿತು.

ಮೊದಲು ನಾನು ಮಾಡಿದ್ದು ಚಾಟ್ ಅನ್ನು ಕೆಳಗಿನಿಂದ ಮೇಲಕ್ಕೆ ಓದಿದ್ದು. ಮೇಲಿನಿಂದ ಓದುತ್ತಾ ಟಿಪ್ಪಣಿ ಮಾಡಿಕೊಂಡರೆ ಮೊದಲು ಸಿಕ್ಕಿದ ತೀರ್ಮಾನ ಮನಸ್ಸಿನಲ್ಲಿ ಕೂತುಬಿಡುತ್ತದೆ, ಮುಂದೆ ಅದು ಬದಲಾದದ್ದು ಕಣ್ತಪ್ಪುತ್ತದೆ. ಉದಾಹರಣೆಗೆ, ಹಳೆಯ ಸಾಲುಗಳನ್ನು ಒಂದು ಸಲಕ್ಕೆ ಎಷ್ಟೆಷ್ಟು ತುಂಬಬೇಕು ಎಂಬ ಪ್ರಶ್ನೆ. ಜೂನ್ 11ರಂದು 50,000 ಎಂದು ನಿಶ್ಚಯವಾಗಿದೆ, ಅದಕ್ಕೆ ಇಬ್ಬರೂ ಹೆಬ್ಬೆರಳು ಎತ್ತಿದ್ದಾರೆ. ಜೂನ್ 24ರಂದು ಅದು 10,000. ಜುಲೈ 3ರಂದು ಐದೇ ಸಾವಿರ. ಕೆಳಗಿನಿಂದ ಬಂದರೆ ಮೊದಲು ಸಿಗುವುದೇ ಐದು ಸಾವಿರ. ಉಳಿದೆರಡು ಸಿಕ್ಕಾಗ ಅವು ರದ್ದಾದ ಸಂಖ್ಯೆಗಳು ಎಂದು ಆಗಲೇ ಗೊತ್ತಿರುತ್ತದೆ.

ಹಾಗೆಂದು ರದ್ದಾದವನ್ನು ಸುಮ್ಮನೆ ಅಳಿಸುವ ಹಾಗಿಲ್ಲ. ಹೊಸಬರು ಬಂದು ನೋಡಿದರೆ ಐದು ಸಾವಿರ ತೀರಾ ಕಡಿಮೆ ಅನ್ನಿಸುತ್ತದೆ. 140 ಕೋಟಿಯನ್ನು ಐದು ಸಾವಿರದಂತೆ ಹಂಚಿದರೆ 2 ಲಕ್ಷ 80 ಸಾವಿರ ಕಂತು. ಕಂತಿಗೆ ಎರಡು ಸೆಕೆಂಡ್ ಹಿಡಿದರೂ ಆರೂವರೆ ದಿನ ಎಡೆಬಿಡದೆ ಓಡಬೇಕು. ಹುರುಪಿನವರು ಯಾರೇ ಆದರೂ ‘ಇದನ್ನು ಐವತ್ತು ಸಾವಿರ ಮಾಡಿದರೆ ಬೇಗ ಮುಗಿಯುತ್ತದಲ್ಲ’ ಎಂದು ಕೈ ಹಾಕುತ್ತಾರೆ. ಅದನ್ನು ಇಳಿಸಿದ ಕಾರಣ ಜೂನ್ 24ರ ಚಾಟ್‌ನಲ್ಲಿದೆ. ದೊಡ್ಡ ಕಂತು ಓಡುವಾಗ ನಮ್ಮ ಎರಡನೆಯ ಡೇಟಾಬೇಸ್, ಅಂದರೆ ಮೊದಲನೆಯದರ ನಕಲು, ಹಿಂದೆ ಬೀಳುತ್ತಿತ್ತು. ಗ್ರಾಹಕರ ‘ನನ್ನ ಆರ್ಡರ್‌ಗಳು’ ಪುಟ ಆ ನಕಲಿನಿಂದಲೇ ಓದುವುದು. ಆರ್ಡರ್ ಹಾಕಿದ ಮೇಲೂ ಪುಟದಲ್ಲಿ ಕಾಣದೆ ಕೆಲವರು ಎರಡೆರಡು ಸಲ ಹಾಕಿದ್ದರು. ಹಾಗಾಗಿ ನೋಟ್‌ನಲ್ಲಿ ಸಂಖ್ಯೆಯ ಬೆನ್ನಿಗೇ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದೆ. 50,000 ಹೇಗೆ ಬಂತು, ಯಾರು ಹೇಳಿದರು, ಅಂದಿನ ನಲವತ್ತು ಮೆಸೇಜ್‌ಗಳ ವಾದವೇನು, ಅವು ಯಾವುವೂ ಬೇಕಿಲ್ಲ.

ಈಗ ಈ ಲೇಖನಕ್ಕೆ ಹೆಸರು ಕೊಟ್ಟ ಪದಕ್ಕೆ ಬರುತ್ತೇನೆ. ನಮ್ಮ ಭಾಷೆಯ ‘ಆಯ್ತು’, ಧಾರವಾಡ ಕಡೆಯ ‘ಆತು’, ಎರಡು ಕೆಲಸ ಮಾಡುತ್ತದೆ. ‘ನಾಳೆ ಬರ್ತೀಯಾ?’ ‘ಆಯ್ತು.’ ಇಲ್ಲಿ ಅದು ಒಪ್ಪಿಗೆ. ‘ಊಟ?’ ‘ಆಯ್ತು.’ ಇಲ್ಲಿ ಅದು ಮುಗಿದ ಸುದ್ದಿ. ಎದುರಿಗಿದ್ದರೆ ಮುಖ ನೋಡಿ, ದನಿ ಕೇಳಿ ತಿಳಿಯುತ್ತದೆ. ಚಾಟ್‌ನಲ್ಲಿ ಮುಖವೂ ಇಲ್ಲ, ದನಿಯೂ ಇಲ್ಲ. ಜುಲೈ 2ರಂದು ಮೈಸೂರಿನಾಕೆ ಕೇಳಿದ್ದಾರೆ: ‘ಸರ್, `order_items`ಗೂ ಹೊಸ ಕಾಲಂ ಹಾಕ್ಬೇಕು ಅಲ್ವಾ?’ ಅವರ ಉತ್ತರ ಒಂದೇ ಪದ: ‘ಆತು.’ ಮುಂದಿನ ಮೆಸೇಜ್ ಬೇರೆ ವಿಷಯ. ಆಮೇಲೆ ಆ ಟೇಬಲ್‌ನ ಮಾತೇ ಇಲ್ಲ.

ಆ `order_items` ಎಂದರೆ ಯಾವ ಆರ್ಡರ್‌ನಲ್ಲಿ ಏನೇನು ಸಾಮಾನು ಇತ್ತು ಎಂಬ ಟೇಬಲ್. ಅದರ ಪ್ರತಿ ಸಾಲಿನಲ್ಲೂ ಆರ್ಡರ್‌ನ ಐಡಿ ಇರುತ್ತದೆ, ಅದೂ ಹಳೆಯ ಸಣ್ಣ ಕಾಲಂನಲ್ಲಿ. ದೊಡ್ಡ ಟೇಬಲ್ ಬದಲಿಸಿ ಇದನ್ನು ಬಿಟ್ಟರೆ ಏನಾಗುತ್ತದೆ? ಅದಲು ಬದಲು ಮಾಡಿದ ರಾತ್ರಿ ಏನೂ ಆಗುವುದಿಲ್ಲ. ಪೋಸ್ಟ್‌ಗ್ರೆಸ್ ಒಂದು ಕಡೆ `bigint`, ಇನ್ನೊಂದು ಕಡೆ `integer` ಇರುವ ನಂಟನ್ನು ತಕರಾರಿಲ್ಲದೆ ಒಪ್ಪುತ್ತದೆ. ಪರೀಕ್ಷೆಗಳೆಲ್ಲ ಪಾಸಾಗುತ್ತವೆ, ಎಲ್ಲರೂ ಕೈಕುಲುಕಿ ಮನೆಗೆ ಹೋಗುತ್ತಾರೆ. ತಿಂಗಳುಗಳ ನಂತರ, ಐಡಿ 214 ಕೋಟಿ 74 ಲಕ್ಷ ದಾಟಿದ ಗಳಿಗೆಯಲ್ಲಿ, ಆರ್ಡರ್ ದಾಖಲಾಗುತ್ತದೆ, ಅದರ ಸಾಮಾನಿನ ಸಾಲು ಮಾತ್ರ `integer out of range` ಎಂದು ಬಿದ್ದುಹೋಗುತ್ತದೆ. ಎರಡೂ ಒಂದೇ ವ್ಯವಹಾರದೊಳಗೆ ಇರುವುದರಿಂದ ಆರ್ಡರ್ ಕೂಡ ಹಿಂದಕ್ಕೆ. ಅಷ್ಟು ಹೊತ್ತಿಗೆ ಕೆಲಸ ಮಾಡಿದ ಇಬ್ಬರೂ ಇಲ್ಲ, ‘ಅದು ಬದಲಿಸಿ ಆಗಿದೆಯಲ್ಲ’ ಎಂದು ಎಲ್ಲರ ನಂಬಿಕೆ.

ಹೀಗಾಗಿ ನೋಟ್‌ನಲ್ಲಿ ‘ನಿಶ್ಚಯವಾದದ್ದು’ ಮತ್ತು ‘ಮಾಡಿ ಆದದ್ದು’ ಎಂದು ಬೇರೆ ಬೇರೆ ಕಲಂ ಇಟ್ಟೆ. ಎರಡನೆಯದಕ್ಕೆ ಒಂದು ಕಟ್ಟುನಿಟ್ಟು: ಚಾಟ್‌ನ ಮಾತು ಸಾಕ್ಷಿ ಅಲ್ಲ. ಡೇಟಾಬೇಸ್ ಅನ್ನೇ ಕೇಳಬೇಕು, ಇಲ್ಲವೇ ಕೋಡ್ ಸೇರಿದ ದಾಖಲೆ ನೋಡಬೇಕು. `psql` ತೆರೆದು ಹೀಗೆ ಬರೆದರೆ ಟೇಬಲ್‌ನ ಎಲ್ಲ ಕಾಲಂಗಳೂ ಕಾಣುತ್ತವೆ:

```
\d orders
\d order_items
```

ಮೊದಲನೆಯದರಲ್ಲಿ ಹೊಸ ಕಾಲಂ ಇತ್ತು, ಟ್ರಿಗರ್ ಕೂಡ ಇತ್ತು. ಎರಡನೆಯದರಲ್ಲಿ ಇರಲಿಲ್ಲ. ಅವರ ‘ಆತು’ ಒಪ್ಪಿಗೆಯದು. ಆಕೆ ಅದನ್ನು ‘ಹಾಕಿ ಆಗಿದೆ’ ಎಂದು ಓದಿಕೊಂಡಿದ್ದರು. ಇಬ್ಬರದೂ ತಪ್ಪು ಅನ್ನಲಾರೆ, ಪದವೇ ಹಾಗಿದೆ. ನೋಟ್‌ನಲ್ಲಿ ಈ ಸಾಲು ‘ನಿಶ್ಚಯವಾಗಿದೆ, ಶುರುವಾಗಿಲ್ಲ’ ಎಂಬ ಜಾಗಕ್ಕೆ ಹೋಯಿತು.

‘ಬಿಡ್ರಿ’ ಇನ್ನೂ ಕಷ್ಟದ್ದು. ‘ಅದನ್ನು ಕೈಬಿಡಿ’ ಎಂದೂ ಆಗುತ್ತದೆ, ‘ನೀವು ತಲೆ ಕೆಡಿಸಿಕೊಳ್ಳಬೇಡಿ, ನಾನು ನೋಡಿಕೊಳ್ಳುತ್ತೇನೆ’ ಎಂದೂ ಆಗುತ್ತದೆ. ಜೂನ್ 19ರಂದು ಆಕೆ ‘ರಿಪೋರ್ಟ್ ಟೀಮ್‌ಗೆ ನಾನು ಮೇಲ್ ಹಾಕ್ಲಾ ಸರ್?’ ಅಂದದ್ದಕ್ಕೆ ಅವರು ‘ಬಿಡ್ರಿ’ ಅಂದಿದ್ದಾರೆ. ಯಾರು ಹಾಕಬೇಕು? ಹಾಕಬೇಕೋ ಬೇಡವೋ?

ಇದನ್ನು ಬಿಡಿಸಲು ಜೂನ್ 19ರ ಹಿಂದೆ ಮುಂದೆ ಓದಬೇಕಾಯಿತು. ಆ ವಾರ ಇಬ್ಬರೂ ಬೇರೊಂದು ಉಪಾಯದ ಹಿಂದೆ ಬಿದ್ದಿದ್ದರು. ಸಣ್ಣ ಕಾಲಂನಲ್ಲಿ 214 ಕೋಟಿ ಧನ ಸಂಖ್ಯೆಗಳಷ್ಟೇ ಅಲ್ಲ, ಅಷ್ಟೇ ಋಣ ಸಂಖ್ಯೆಗಳೂ ಹಿಡಿಸುತ್ತವೆ. ಕ್ರಮಸಂಖ್ಯೆ ಕೊಡುವ ಯಂತ್ರಕ್ಕೆ ‘ಇನ್ನು ಮೇಲೆ -1, -2, -3 ಎಂದು ಕೆಳಗೆ ಎಣಿಸು’ ಎಂದರೆ ಟೇಬಲ್ ಮುಟ್ಟದೆಯೇ ಇನ್ನೊಂದು ಅಷ್ಟೇ ದೊಡ್ಡ ಜಾಗ ಸಿಗುತ್ತದೆ. ತುರ್ತಿನಲ್ಲಿ ಜನ ನಿಜವಾಗಿ ಬಳಸುವ ಉಪಾಯ ಇದು. ಆದರೆ ರಿಪೋರ್ಟ್ ತಂಡದ ಪ್ರೋಗ್ರಾಂ ‘ಕಳೆದ ಸಲ ಓದಿದ ಐಡಿಗಿಂತ ದೊಡ್ಡದನ್ನೆಲ್ಲ ಕೊಡು’ ಎಂದು ಪ್ರತಿ ಗಂಟೆ ಕೇಳುತ್ತದೆ. ಋಣ ಸಂಖ್ಯೆಗಳು ಅದಕ್ಕೆ ಕಾಣುವುದೇ ಇಲ್ಲ. ಅದಕ್ಕಾಗಿ ಆ ಉಪಾಯ ಬಿಟ್ಟರು. ಉಪಾಯ ಬಿಟ್ಟ ಮೇಲೆ ಮೇಲ್ ಯಾಕೆ ಎಂಬ ಅರ್ಥದಲ್ಲಿ ‘ಬಿಡ್ರಿ’. ಫೋನ್ ಮಾಡಿ ಕೇಳಿದಾಗ ಅವರೂ ಅದನ್ನೇ ಹೇಳಿದರು.

ಆದರೆ ಇಲ್ಲಿ ನಿಲ್ಲಬಾರದು. ಒಂದು ತೀರ್ಮಾನದ ಕಾರಣ ಗೊತ್ತಾದ ಮೇಲೆ, ಇವತ್ತಿನ ಯೋಜನೆಯಲ್ಲಿ ಆ ಕಾರಣ ಇನ್ನೂ ನಿಲ್ಲುತ್ತದೆಯೇ ಎಂದು ಕೇಳಬೇಕು. ಋಣ ಸಂಖ್ಯೆಯ ಯೋಜನೆ ಹೋಯಿತು, ನಿಜ. ಈಗಿನ ಯೋಜನೆಯಲ್ಲಿ ಐಡಿಗಳು 214 ಕೋಟಿ ದಾಟಿ ಬೆಳೆಯುತ್ತವೆ. ರಿಪೋರ್ಟ್ ಪ್ರೋಗ್ರಾಂ ಅದನ್ನು ಎಂಥ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತದೆ? ಕೇಳಿದರೆ, ಅಲ್ಲಿಯೂ 32 ಬಿಟ್‌ನ ಸಣ್ಣ ಡಬ್ಬಿಯೇ. ಅಂದರೆ ಮೇಲ್ ಬೇಡ ಎಂಬ ಜೂನ್ ತೀರ್ಮಾನ ಜುಲೈನಲ್ಲಿ ತಪ್ಪಾಗಿಬಿಟ್ಟಿತ್ತು, ಯಾರೂ ಅದನ್ನು ಮುಟ್ಟದೆಯೇ. ನೋಟ್‌ನ ‘ಬಾಕಿ ಪ್ರಶ್ನೆ’ಗಳಲ್ಲಿ ಅದೇ ಮೊದಲನೆಯದಾಯಿತು. ಋಣ ಸಂಖ್ಯೆಯ ಉಪಾಯವನ್ನೂ ‘ನೋಡಿ ಬಿಟ್ಟದ್ದು’ ಎಂದು ಎರಡು ಸಾಲಿನಲ್ಲಿ ಬರೆದೆ. ಗಡುವು ಹತ್ತಿರ ಬಂದಾಗ ಯಾರಾದರೂ ಅದನ್ನು ಹೊಸದಾಗಿ ಕಂಡುಹಿಡಿದೇ ಹಿಡಿಯುತ್ತಾರೆ. ಆಗ ಯಾಕೆ ಬಿಟ್ಟದ್ದು ಎಂದು ಗೊತ್ತಿರಬೇಕು.

‘ನೋಡೋಣ’ದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹುತೇಕ ಸಲ ಅದು ಮರ್ಯಾದೆಯ ‘ಇಲ್ಲ’. ಅದಲು ಬದಲು ಮಾಡುವುದು ಶನಿವಾರ ರಾತ್ರಿ ಎಂದು ಅವರು ಹೇಳಿದ್ದಕ್ಕೆ ಆಕೆ ‘ನೋಡೋಣ ಸರ್’ ಅಂದಿದ್ದರು. ಅವರು ಅದನ್ನು ಹೂಂ ಎಂದು ಎಣಿಸಿದ್ದರು. ಆಕೆಗೆ ಶನಿವಾರ ಬೇಡವೇ ಬೇಡ, ಭಾನುವಾರ ಬೆಳಿಗ್ಗೆ ನಮ್ಮ ದೊಡ್ಡ ಗ್ರಾಹಕರ ವಾರದ ಮಾರಾಟ ಶುರುವಾಗುತ್ತದೆ. ನಿಶ್ಚಯವಾಗಿಲ್ಲ ಎಂದು ಬರೆದೆ, ಇಬ್ಬರ ಕಾರಣಗಳನ್ನೂ ಕೊಟ್ಟೆ. ಹೆಬ್ಬೆರಳಿನ ಚಿತ್ರಕ್ಕೂ ಇದೇ ನ್ಯಾಯ. ‘ಓದಿದೆ’ ಎಂದೋ, ‘ಒಪ್ಪಿದೆ’ ಎಂದೋ ಅದು ಹೇಳುವುದಿಲ್ಲ. ಹೆಬ್ಬೆರಳು ಮಾತ್ರ ಇರುವ ಯಾವ ತೀರ್ಮಾನವನ್ನೂ ಕೇಳದೆ ನೋಟ್‌ಗೆ ಸೇರಿಸಲಿಲ್ಲ.

ಇನ್ನು ಸಂಖ್ಯೆಗಳು. ಎಷ್ಟು ದಿನ ಉಳಿದಿದೆ ಎಂಬ ಒಂದೇ ಪ್ರಶ್ನೆಗೆ ಚಾಟ್‌ನಲ್ಲಿ ಮೂರು ಉತ್ತರ ಇದ್ದವು, ಮೂರೂ ಒಂದಕ್ಕೊಂದು ದೂರ. ಜೂನ್ 3ರಂದು ಆಕೆ ‘ಎರಡು ವರ್ಷಕ್ಕೂ ಜಾಸ್ತಿ ಇದೆ’ ಎಂದಿದ್ದಾರೆ. ಅದೇ ದಿನ ಸಂಜೆ ಅವರು ‘231 ದಿನ’ ಎಂದಿದ್ದಾರೆ. ಜುಲೈ 8ರಂದು ‘128 ದಿನ’. ಹೊಸಬರಿಗೆ ಈ ಮೂರನ್ನೂ ಕೊಟ್ಟರೆ ಏನು ಮಾಡಬೇಕು?

ಮೊದಲೆರಡರ ವ್ಯತ್ಯಾಸ ಲೆಕ್ಕದ ತಪ್ಪಲ್ಲ. ಇಬ್ಬರು ಅಳೆದದ್ದೇ ಬೇರೆ ಬೇರೆ. ಆಕೆ ಟೇಬಲ್‌ನಲ್ಲಿರುವ ಸಾಲುಗಳನ್ನು ಎಣಿಸಿದ್ದರು: 140 ಕೋಟಿ, ದಿನಕ್ಕೆ 9 ಲಕ್ಷ ಸೇರುತ್ತವೆ. ಅವರು ನೋಡಿದ್ದು ಕೊನೆಯದಾಗಿ ಕೊಟ್ಟ ಕ್ರಮಸಂಖ್ಯೆ: 187 ಕೋಟಿ, ದಿನಕ್ಕೆ 12 ಲಕ್ಷ ಖರ್ಚು. ಬ್ಯಾಂಕಿನಲ್ಲಿ ಟೋಕನ್ ತೆಗೆದುಕೊಂಡು ಕೆಲಸ ಮಾಡಿಸದೆ ಹೊರಟುಹೋದರೆ ಆ ನಂಬರ್ ಮತ್ತೆ ಬೇರೆಯವರಿಗೆ ಸಿಗುವುದಿಲ್ಲವಲ್ಲ, ಹಾಗೆಯೇ ಇದು. ಪೋಸ್ಟ್‌ಗ್ರೆಸ್ ಸೀಕ್ವೆನ್ಸ್ ಒಮ್ಮೆ ಕೊಟ್ಟ ಸಂಖ್ಯೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆರ್ಡರ್ ಅರ್ಧದಲ್ಲಿ ರದ್ದಾದರೂ ಸಂಖ್ಯೆ ಹೋಯಿತು. ನಮ್ಮ ಕೋಡ್‌ನಲ್ಲಿ `ON CONFLICT DO NOTHING` ಎಂಬ ಬಳಕೆ ಇದೆ: ಅದೇ ಆರ್ಡರ್ ಎರಡನೇ ಸಲ ಬಂದರೆ ಸುಮ್ಮನೆ ಬಿಟ್ಟುಬಿಡು ಎಂದು. ಹಾಗೆ ಬಿಟ್ಟ ಪ್ರತಿ ಸಲವೂ ಒಂದು ಸಂಖ್ಯೆ ಹಾಳು. ತುಂಬುವುದು ಸಂಖ್ಯೆಗಳ ಡಬ್ಬಿಯಾದ್ದರಿಂದ ಸರಿಯಾದ ಅಳತೆ ಅವರದು.

ಮೂರನೆಯದು ಕಡಿಮೆಯಾದ ಕಾರಣ ಸರಳ. ಜುಲೈ ಮೊದಲ ದಿನ ಹೊಸ ಗ್ರಾಹಕ ಕಂಪನಿಯೊಂದು ಸೇರಿತು, ದಿನದ ಖರ್ಚು 18 ಲಕ್ಷಕ್ಕೆ ಏರಿತು. ಜುಲೈ 8ರಂದು 191 ಕೋಟಿ 60 ಲಕ್ಷದಲ್ಲಿತ್ತು. ಉಳಿದದ್ದು 23 ಕೋಟಿ 14 ಲಕ್ಷ, ಅದನ್ನು 18 ಲಕ್ಷದಿಂದ ಭಾಗಿಸಿದರೆ 128. ಜನವರಿ 20ರ ಸುಮಾರಿಗೆ ಎಂದುಕೊಂಡಿದ್ದ ಗಡುವು ನವೆಂಬರ್ 13ಕ್ಕೆ ಬಂದು ಕೂತಿತು.

ನೋಟ್‌ನಲ್ಲಿ ‘128 ದಿನ’ ಎಂದು ಬರೆಯಲಿಲ್ಲ. ಬರೆದ ದಿನದಿಂದಲೇ ಅದು ಹಳಸುತ್ತದೆ. ಓದುವವರು ಆಗಸ್ಟ್‌ನಲ್ಲಿ ಓದಿದರೆ ಯಾವ ದಿನದಿಂದ 128 ಎಂದು ಹುಡುಕಬೇಕು. ಬದಲಿಗೆ ದಿನಾಂಕ, ಲೆಕ್ಕದ ದಾರಿ, ಮತ್ತು ಇವತ್ತಿನ ಸಂಖ್ಯೆ ತಾವೇ ನೋಡಿಕೊಳ್ಳುವ ಆಜ್ಞೆ ಕೊಟ್ಟೆ:

```
SELECT last_value FROM orders_id_seq;
```

ಚಾಟ್‌ನಲ್ಲಿ ‘ಈ ಗ್ರಾಫ್ ನೋಡಿ’ ಎಂದು ಹಾಕಿದ ಲಿಂಕ್‌ಗಳಿಗೂ ಇದೇ ರೋಗ. ಅವುಗಳಲ್ಲಿ ಹಲವು ‘ಕಳೆದ ಒಂದು ಗಂಟೆ’ ತೋರಿಸುವಂಥವು. ಜೂನ್ 24ರ ಲಿಂಕ್ ಜುಲೈ 27ರಂದು ಒತ್ತಿದರೆ ಜುಲೈ 27ರ ಬೆಳಗ್ಗೆ ಕಾಣುತ್ತದೆ, ಸಮತಟ್ಟಾದ ಗೆರೆ. ಗ್ರಾಫ್ ಏನು ಹೇಳಿತ್ತು ಎಂದು ಅವರಿಂದ ಕೇಳಿ ವಾಕ್ಯದಲ್ಲಿ ಬರೆದೆ, ಲಿಂಕ್‌ಗಳನ್ನು ಬಿಟ್ಟೆ.

ಚಾಟ್‌ನಲ್ಲಿ ಇಲ್ಲದ್ದನ್ನು ಪತ್ತೆ ಮಾಡುವುದು ಇನ್ನೊಂದು ಬಗೆಯ ಕೆಲಸ. ಜುಲೈ 10ರ ಸಂಜೆ 4.12ಕ್ಕೆ ‘ಕಾಲ್ ಮಾಡ್ತೀನ್ರಿ’ ಎಂದಿದೆ. 5.05ಕ್ಕೆ ‘ಹಂಗಂದ್ರ ಎರಡನೇದ್ದು ಫೈನಲ್’ ಎಂದಿದೆ. ನಡುವಿನ ಐವತ್ತಮೂರು ನಿಮಿಷ ಖಾಲಿ. ಎರಡನೆಯದು ಎಂದರೆ ಯಾವುದರಲ್ಲಿ ಎರಡನೆಯದು? ಜುಲೈ 6ರಂದು ಮೂರು ದಾರಿಗಳ ಪಟ್ಟಿಯಿದೆ, ಜುಲೈ 9ರಂದು ಎರಡರ ಪಟ್ಟಿಯಿದೆ. ಹತ್ತಿರದ್ದೇ ಇರಬೇಕು ಎಂದು ಊಹಿಸಿ ಬರೆದುಬಿಡುವುದು ಸುಲಭ. ಊಹೆಯೂ ನೋಟ್‌ನಲ್ಲಿ ತೀರ್ಮಾನದ ಹಾಗೆಯೇ ಕಾಣುತ್ತದೆ, ಅದೇ ಅಪಾಯ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಒಟ್ಟಿಗೆ ಕೇಳಿದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೂಂ ಅಂದುಬಿಡುತ್ತಾರೆ. ಇಬ್ಬರೂ ಹೇಳಿದ್ದು ಜುಲೈ 9ರ ಪಟ್ಟಿಯ ಎರಡನೆಯದು: ಅದಲು ಬದಲಾದ ಮೇಲೆ ಹಳೆಯ ಕಾಲಂ ಅನ್ನು ತಕ್ಷಣ ಅಳಿಸದೆ ಎರಡು ವಾರ ಇಟ್ಟುಕೊಳ್ಳುವುದು. ಸರಿಹೋಯಿತು.

ಬಿಟ್ಟ ಮೆಸೇಜ್‌ಗಳ ಲೆಕ್ಕ ದೊಡ್ಡದು. ಊಟ, ಟ್ರಾಫಿಕ್, ಅಪ್ರೈಸಲ್ ಬೇಸರ, ಇನ್ನೊಂದು ತಂಡದವರ ಮೇಲಿನ ಸಿಟ್ಟು. ಒಂದು ಕಡೆ ಟೆಸ್ಟ್ ಡೇಟಾಬೇಸಿನ ಪಾಸ್‌ವರ್ಡ್ ಕೂಡ ಸಿಕ್ಕಿತು. ಅದನ್ನು ನೋಟ್‌ಗೆ ಸೇರಿಸದಿದ್ದರೆ ಸಾಲದು, ಬದಲಿಸುವಂತೆ ಅವತ್ತೇ ಹೇಳಿ ಬದಲಿಸಲಾಯಿತು. ಇಬ್ಬರು ಒಬ್ಬರನ್ನೊಬ್ಬರು ನಂಬಿ ಆಡಿದ ಮಾತುಗಳ ಲಿಂಕ್ ಅನ್ನು ಹೊಸಬರಿಗೆ ಹಾಗೇ ದಾಟಿಸಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು, ಹೊರನಾಡಿನಲ್ಲಿ ದುಡಿಯುವ ಓದುಗರಿಗೆ ಇದು ಗೊತ್ತಿರುವ ತಕರಾರು. ಈ ವಿಷಯ ಮೀಟಿಂಗ್‌ನಲ್ಲಿ ಬಂದಾಗ ಒಬ್ಬರು ‘ಅದಕ್ಕೇ ಆಫೀಸ್ ಚಾಟ್‌ನಲ್ಲಿ ಇಂಗ್ಲಿಷ್ ಮಾತ್ರ ಇರಬೇಕು’ ಎಂದರು. ನಾನು ಒಪ್ಪಲಿಲ್ಲ. ಋಣ ಸಂಖ್ಯೆಯ ಉಪಾಯದ ಲೋಪ ಹಿಡಿದ ವಾದ ಪೂರ್ತಿ ಕನ್ನಡದಲ್ಲಿ ನಡೆದಿದೆ. ಇಪ್ಪತ್ತು ನಿಮಿಷದಲ್ಲಿ, ಬಹಳ ಚುರುಕಾಗಿ. ಅದೇ ಇಬ್ಬರ ಇಂಗ್ಲಿಷ್ ಮೆಸೇಜ್‌ಗಳು ಮೆತ್ತಗೆ, ಎಚ್ಚರಿಕೆಯಿಂದ, ಅರ್ಧ ಮನಸ್ಸಿನಿಂದ ಇವೆ. ‘ಓಕೆ’ಗೂ ‘ಡನ್’ಗೂ ಇಂಗ್ಲಿಷ್‌ನಲ್ಲಿ ಗೊಂದಲವಿಲ್ಲ ಎನ್ನುವವರು ನಮ್ಮ ಚಾಟ್‌ಗಳನ್ನು ಓದಿಲ್ಲ. ‘ವಿಲ್ ಚೆಕ್’ ಎಂದರೆ ಏನು ಎಂದು ಯಾರಾದರೂ ಹೇಳಲಿ. ಯೋಚನೆ ಯಾವ ಭಾಷೆಯಲ್ಲಾದರೂ ನಡೆಯಲಿ, ನೋಟ್ ಮಾತ್ರ ಓದುವವರ ಭಾಷೆಯಲ್ಲಿರಬೇಕು. ನಾನು ಬರೆದದ್ದು ಇಂಗ್ಲಿಷ್‌ನಲ್ಲೇ, ಯಾಕೆಂದರೆ ಓದುವವರು ಒಡಿಯಾದವರು. ಅದರ ಮುಖ್ಯ ಭಾಗ ಕನ್ನಡದಲ್ಲಿ ಹೀಗಿರುತ್ತದೆ:

‘ಜುಲೈ 27ರಂದು ಇದ್ದಂತೆ. ಗಡುವು: ದಿನಕ್ಕೆ 18 ಲಕ್ಷದ ಲೆಕ್ಕದಲ್ಲಿ ನವೆಂಬರ್ 13. ಸಾಲುಗಳ ಎಣಿಕೆ ಬಳಸಬೇಡಿ, ಸೀಕ್ವೆನ್ಸ್ ನೋಡಿ.

ನಿಶ್ಚಯವಾಗಿ, ಮಾಡಿ ಆದದ್ದು: `orders`ನಲ್ಲಿ ಹೊಸ ಕಾಲಂ, ಟ್ರಿಗರ್. ಡೇಟಾಬೇಸ್‌ನಲ್ಲೇ ನೋಡಿ ಖಚಿತಪಡಿಸಿದೆ.

ನಡೆಯುತ್ತಿರುವುದು: ಹಳೆಯ ಸಾಲು ತುಂಬುವುದು, ಕಂತಿಗೆ 5,000. ಹೆಚ್ಚಿಸಬೇಡಿ, ನಕಲು ಹಿಂದೆ ಬಿದ್ದು ಗ್ರಾಹಕರಿಗೆ ಹಳೆಯ ಪುಟ ಕಾಣುತ್ತದೆ. 61 ಕೋಟಿ ಐಡಿವರೆಗೆ ಆಗಿದೆ.

ನಿಶ್ಚಯವಾಗಿದೆ, ಶುರುವಾಗಿಲ್ಲ: `order_items`ಗೂ ಇದೇ ಕ್ರಮ. ಇದಾಗದೆ ಗಡುವು ದಾಟಿದರೆ ಆರ್ಡರ್‌ಗಳು ಬೀಳುತ್ತವೆ. ಅದಲು ಬದಲಿನ ದಿನ ಏನೂ ಗೊತ್ತಾಗುವುದಿಲ್ಲ. ಅದಲು ಬದಲಾದ ಮೇಲೆ ಹಳೆಯ ಕಾಲಂ ಎರಡು ವಾರ ಉಳಿಯಬೇಕು.

ನೋಡಿ ಬಿಟ್ಟದ್ದು: ಋಣ ಸಂಖ್ಯೆಗಳು. ರಿಪೋರ್ಟ್ ಪ್ರೋಗ್ರಾಂಗೆ ಅವು ಕಾಣುವುದಿಲ್ಲ.

ನಿಶ್ಚಯವಾಗಿಲ್ಲ: ರಿಪೋರ್ಟ್ ಪ್ರೋಗ್ರಾಂನ 32 ಬಿಟ್ ಮಿತಿ, ಯಾರೂ ಅವರಿಗೆ ಹೇಳಿಲ್ಲ. ಅದಲು ಬದಲು ಯಾವ ರಾತ್ರಿ ಎಂಬುದು.’

ಪ್ರತಿ ಸಾಲಿನ ಕೊನೆಯಲ್ಲಿ ಚಾಟ್‌ನ ತಾರೀಖು ಇತ್ತು, ಬೇಕಾದರೆ ನಮ್ಮಲ್ಲಿ ಯಾರಾದರೂ ಹೋಗಿ ನೋಡಿ ಹೇಳಲು. ಯಾರು ಒಪ್ಪಿದರು ಎಂಬುದೂ ಇತ್ತು, ಯಾರು ತಡ ಮಾಡಿದರು ಎಂಬುದು ಇರಲಿಲ್ಲ.

ಬರೆದಾದ ಮೇಲೆ ಇಬ್ಬರಿಗೂ ಕಳಿಸಿದೆ. ‘ಚೆನ್ನಾಗಿದೆ’ ಎಂಬ ಉತ್ತರ ಬೇಡ, ಸಾಲು ಸಾಲಿಗೂ ‘ಹೌದು’ ಅಥವಾ ‘ಅಲ್ಲ’ ಬರೆಯಿರಿ ಎಂದು ಕೇಳಿಕೊಂಡೆ. ಅವರು ಎಲ್ಲದಕ್ಕೂ ಹೌದು ಎಂದರು. ಆಕೆ ಹಳೆಯ ಕಾಲಂನ ಸಾಲಿಗೆ ‘ಅಲ್ಲ’ ಎಂದು ಬರೆದರು. ಎರಡು ವಾರ ಎಂಬುದು ಸರಿ, ಆದರೆ ಗಡುವಿಗೆ ಮೊದಲು ಅದಲು ಬದಲಾದರೆ ಮಾತ್ರ. 214 ಕೋಟಿ ದಾಟಿದ ಐಡಿ ಹಳೆಯ ಸಣ್ಣ ಕಾಲಂನಲ್ಲಿ ಹಿಡಿಸುವುದೇ ಇಲ್ಲ, ಅಲ್ಲಿಂದ ಮುಂದೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಕಾಲ್‌ನಲ್ಲಿ ತಾನು ಈ ಷರತ್ತು ಹೇಳಿದ್ದೆ ಎಂದರು. ಅವರಿಗೆ ನೆನಪಿರಲಿಲ್ಲ, ಕೇಳಿದ ಮೇಲೆ ‘ಖರೇ ಅದ, ಬರೀರಿ’ ಎಂದರು. ಚಾಟ್ ಅನ್ನು ಇನ್ನು ಹತ್ತು ಸಲ ಓದಿದ್ದರೂ ನನಗೆ ಆ ಷರತ್ತು ಸಿಗುತ್ತಿರಲಿಲ್ಲ. ನೋಟ್‌ಗೆ ಇನ್ನೊಂದು ತಾರೀಖು ಸೇರಿತು: ಎರಡು ವಾರದ ಅವಕಾಶ ಪೂರ್ತಿ ಬೇಕಾದರೆ ಅದಲು ಬದಲು ಅಕ್ಟೋಬರ್ 30ರೊಳಗೆ.

ಜುಲೈ 31ರ ಮಧ್ಯಾಹ್ನ ಅವರ ಬೀಳ್ಕೊಡುಗೆಯ ಕೇಕ್ ಕತ್ತರಿಸುವ ಹೊತ್ತಿಗೆ ಭುವನೇಶ್ವರದ ಹುಡುಗಿ ನೋಟ್ ಓದಿ ಒಂದೇ ಪ್ರಶ್ನೆ ತಂದಿದ್ದಳು: `order_items` ಬಿಟ್ಟು ಆರ್ಡರ್ ಐಡಿ ಇಟ್ಟುಕೊಂಡಿರುವ ಟೇಬಲ್‌ಗಳು ಬೇರೆ ಎಷ್ಟಿವೆ? ಚಾಟ್‌ನಲ್ಲಿ ಆ ಪ್ರಶ್ನೆ ಎಲ್ಲೂ ಇರಲಿಲ್ಲ. ಹುಬ್ಬಳ್ಳಿಯವರು ಕೇಕ್ ತಟ್ಟೆ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆಗೆದರು. ಇನ್ನೂ ಮೂರು ಸಿಕ್ಕವು. ಅದರಲ್ಲಿ ಒಂದು ರೀಫಂಡ್‌ಗಳದು.